ಕ್ಯಾಲರಿ, ಹಾರ್ಸ್‌ಪವರ್, ಕಿಲೋಬೈಟ್, ಡೆಸಿಬಲ್: ಇವು ನಿಜಕ್ಕೂ ಅಳೆಯುವುದು ಏನನ್ನು?

60 ಕಿಲೋ ತೂಕದ ಒಬ್ಬರು ಒಂದು ಮಹಡಿ ಹತ್ತುತ್ತಾರೆ ಅಂತಿಟ್ಟುಕೊಳ್ಳಿ. ಎತ್ತರ 3 ಮೀಟರ್. ಒಂದು ಸಲ ಆರಾಮಾಗಿ 12 ಸೆಕೆಂಡಿನಲ್ಲಿ ಹತ್ತುತ್ತಾರೆ. ಇನ್ನೊಂದು ಸಲ 4 ಸೆಕೆಂಡಿನಲ್ಲಿ ಓಡಿ ಹತ್ತುತ್ತಾರೆ. ಮೈಯನ್ನು ಮೇಲಕ್ಕೆ ಎತ್ತಲು ಬೇಕಾದ ಶಕ್ತಿ ಎರಡು ಸಲವೂ ಒಂದೇ. ಆದರೂ ಓಡಿ ಹತ್ತಿದಾಗ ಏದುಸಿರು ಬರುತ್ತದೆ, ನಿಧಾನವಾಗಿ ಹತ್ತಿದಾಗ ಬರುವುದಿಲ್ಲ. ಯಾಕೆ ಅಂತ ಗೊತ್ತಾದರೆ ಕ್ಯಾಲರಿಗೂ ಹಾರ್ಸ್‌ಪವರ್‌ಗೂ ಇರುವ ವ್ಯತ್ಯಾಸ ಗೊತ್ತಾದ ಹಾಗೆಯೇ.

ಲೆಕ್ಕ ಸುಲಭ. ತೂಕ 60, ಎತ್ತರ 3, ಭೂಮಿಯ ಸೆಳೆತಕ್ಕೆ 9.8. ಮೂರನ್ನೂ ಗುಣಿಸಿದರೆ 1764. ಇದು ಜೂಲ್‌ಗಳಲ್ಲಿ ಬಂದ ಉತ್ತರ. ಜೂಲ್ ಶಕ್ತಿಯ ಅಳತೆ. ಇಷ್ಟು ಶಕ್ತಿ ಎಷ್ಟು ಹೊತ್ತಿನಲ್ಲಿ ಖರ್ಚಾಯಿತು ಅನ್ನುವುದು ಬೇರೆ ಪ್ರಶ್ನೆ. 12 ಸೆಕೆಂಡಿನಲ್ಲಿ ಖರ್ಚಾದರೆ ಸೆಕೆಂಡಿಗೆ 147 ಜೂಲ್. 4 ಸೆಕೆಂಡಿನಲ್ಲಾದರೆ ಸೆಕೆಂಡಿಗೆ 441. ಸೆಕೆಂಡಿಗೆ ಒಂದು ಜೂಲ್ ಎಂಬ ಈ ವೇಗಕ್ಕೇ ವ್ಯಾಟ್ ಅನ್ನುತ್ತಾರೆ. ನಲ್ಲಿಯಿಂದ ಕೊಡಕ್ಕೆ ನೀರು ಬೀಳುತ್ತಿದೆ ಅಂದರೆ, ಕೊಡದಲ್ಲಿ ಕೂಡಿಕೊಂಡ ನೀರು ಜೂಲ್, ನಲ್ಲಿ ಎಷ್ಟು ಜೋರಾಗಿ ಸುರಿಯುತ್ತಿದೆ ಅನ್ನುವುದು ವ್ಯಾಟ್.

ಕ್ಯಾಲರಿ ಜೂಲ್‌ನ ಕಡೆಯದು. ಅದು ಹೇಳುವುದು "ಎಷ್ಟು" ಅಂತ. ಹಾರ್ಸ್‌ಪವರ್ ವ್ಯಾಟ್‌ನ ಕಡೆಯದು. ಅದು ಹೇಳುವುದು "ಎಷ್ಟು ಬೇಗ" ಅಂತ. ಕಿಲೋಬೈಟ್ ಬರೀ ಎಣಿಕೆ. ಡೆಸಿಬಲ್ ಇವು ಯಾವುದೂ ಅಲ್ಲ, ಅದು ಹೇಳುವುದು "ಎಷ್ಟು ಪಟ್ಟು" ಅಂತ. ಒಂದು ಅಂಕಿ ಕಣ್ಣಿಗೆ ಬಿದ್ದಾಗ ಈ ನಾಲ್ಕರಲ್ಲಿ ಅದು ಯಾವ ಜಾತಿ ಅಂತ ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಕ್ಯಾಲರಿ: ಸುಟ್ಟು ನೋಡಿ ಹೇಳುವ ಅಂಕಿ

ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಬೇಕಾದ ಶಾಖವೇ ಒಂದು ಕ್ಯಾಲರಿ. ಇದು ತುಂಬಾ ಸಣ್ಣದು, ಸುಮಾರು 4.18 ಜೂಲ್ ಅಷ್ಟೆ. ಊಟದ ವಿಷಯದಲ್ಲಿ ನಾವು "ಕ್ಯಾಲರಿ" ಅನ್ನುವುದು ಇದರ ಸಾವಿರ ಪಟ್ಟು, ಅಂದರೆ ಕಿಲೋಕ್ಯಾಲರಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವಷ್ಟು ಶಾಖ. ಪೊಟ್ಟಣದ ಮೇಲೆ kcal ಅಂತ ಇರುವುದು ಇದೇ. "ದಿನಕ್ಕೆ 2000 ಕ್ಯಾಲರಿ" ಅಂತ ಯಾರಾದರೂ ಹೇಳಿದರೆ ಅವರು ಹೇಳುತ್ತಿರುವುದೂ 2000 ಕಿಲೋಕ್ಯಾಲರಿಯನ್ನೇ.

ಊಟಕ್ಕೂ ನೀರು ಬಿಸಿ ಮಾಡುವುದಕ್ಕೂ ಏನು ಸಂಬಂಧ? ಸಂಬಂಧ ಇರುವುದು ಅಳೆಯುವ ರೀತಿಯಲ್ಲಿ. ಪ್ರಯೋಗಾಲಯದಲ್ಲಿ ಬಾಂಬ್ ಕ್ಯಾಲರಿಮೀಟರ್ ಅನ್ನುವ ಗಟ್ಟಿ ಉಕ್ಕಿನ ಡಬ್ಬಿ ಇರುತ್ತದೆ. ಒಣಗಿಸಿ ಪುಡಿ ಮಾಡಿದ ಆಹಾರವನ್ನು ಅದರೊಳಗೆ ಇಡುತ್ತಾರೆ. ಒತ್ತಡದಲ್ಲಿ ಆಮ್ಲಜನಕ ತುಂಬಿ ಬಿಗಿಯಾಗಿ ಮುಚ್ಚುತ್ತಾರೆ. ಡಬ್ಬಿಯನ್ನು ನೀರಿನಲ್ಲಿ ಮುಳುಗಿಸಿ, ಒಳಗಿನ ತೆಳು ತಂತಿಗೆ ಕರೆಂಟ್ ಕೊಟ್ಟು ಆಹಾರಕ್ಕೆ ಬೆಂಕಿ ಹೊತ್ತಿಸುತ್ತಾರೆ. ಅದು ಪೂರ್ತಿ ಉರಿದುಹೋಗುತ್ತದೆ. ಸುತ್ತಲಿನ ನೀರು ಎಷ್ಟು ಡಿಗ್ರಿ ಏರಿತು ಅಂತ ನೋಡುತ್ತಾರೆ. ಒಂದು ಗ್ರಾಂ ಸಕ್ಕರೆ ಉರಿದರೆ ಎರಡು ಲೀಟರ್ ನೀರು ಹತ್ತಿರ ಹತ್ತಿರ 2 ಡಿಗ್ರಿ ಏರುತ್ತದೆ. ಅಂದರೆ ಒಂದು ಗ್ರಾಂ ಸಕ್ಕರೆಯಲ್ಲಿ ಸುಮಾರು 4 ಕಿಲೋಕ್ಯಾಲರಿ. ಡಬ್ಬಿಯೇ ಹೀರಿಕೊಂಡ ಶಾಖವನ್ನೂ ನಿಜವಾದ ಲೆಕ್ಕದಲ್ಲಿ ಸೇರಿಸಿಕೊಳ್ಳುತ್ತಾರೆ.

ಆದರೆ ನಮ್ಮ ಹೊಟ್ಟೆ ಆ ಉಕ್ಕಿನ ಡಬ್ಬಿಯಷ್ಟು ಪೂರ್ತಿಯಾಗಿ ಸುಡುವುದಿಲ್ಲ. ಪ್ರೋಟೀನ್ ನೋಡಿ. ಡಬ್ಬಿಯಲ್ಲಿ ಸುಟ್ಟರೆ ಗ್ರಾಂಗೆ ಐದೂವರೆ ಕಿಲೋಕ್ಯಾಲರಿಗಿಂತಲೂ ಜಾಸ್ತಿ ಬರುತ್ತದೆ. ದೇಹದಲ್ಲಿ ಅದರ ಸಾರಜನಕದ ಭಾಗ ಯೂರಿಯಾ ಆಗಿ ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಜೊತೆಗೆ ಒಂದಿಷ್ಟು ಶಕ್ತಿಯನ್ನೂ ಒಯ್ಯುತ್ತದೆ. ಜೀರ್ಣವಾಗದೆ ಹೋಗುವ ಭಾಗ ಬೇರೆ. ಹಾಗಾಗಿ ಲೇಬಲ್‌ಗೆ ಗ್ರಾಂಗೆ 4 ಅಂತ ಹಿಡಿಯುತ್ತಾರೆ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ವಿಲ್ಬರ್ ಆಟ್‌ವಾಟರ್ ಈ ಕಳೆತಗಳನ್ನೆಲ್ಲ ಅಳೆದು ನೋಡಿದರು. ಅವರ ಕೆಲಸದಿಂದ ಬಂದ ಸರಾಸರಿ ಅಂಕಿಗಳು ಇಂದಿಗೂ ಬಳಕೆಯಲ್ಲಿವೆ: ಪ್ರೋಟೀನ್ ಗ್ರಾಂಗೆ 4, ಕಾರ್ಬೋಹೈಡ್ರೇಟ್ ಗ್ರಾಂಗೆ 4, ಕೊಬ್ಬು ಗ್ರಾಂಗೆ 9.

ಇದನ್ನು ನೀವೇ ಪರೀಕ್ಷಿಸಬಹುದು. 100 ಗ್ರಾಂನಲ್ಲಿ ಪ್ರೋಟೀನ್ 10 ಗ್ರಾಂ, ಕೊಬ್ಬು 10 ಗ್ರಾಂ, ಕಾರ್ಬೋಹೈಡ್ರೇಟ್ 60 ಗ್ರಾಂ ಅಂತ ಇದ್ದರೆ 40, 90, 240 ಕೂಡಿಸಿ 370 ಕಿಲೋಕ್ಯಾಲರಿ. ಲೇಬಲ್‌ನಲ್ಲಿರುವ ಅಂಕಿ ಇದರ ಆಸುಪಾಸಿನಲ್ಲೇ ಇರಬೇಕು. ಸ್ವಲ್ಪ ಕಮ್ಮಿ ಇದ್ದರೆ ಸಾಮಾನ್ಯವಾಗಿ ನಾರಿನಂಶ ಕಾರಣ. ನಾರು ಕಾರ್ಬೋಹೈಡ್ರೇಟೇ ಆದರೂ ಅದರಿಂದ ದೇಹಕ್ಕೆ ಸಿಗುವುದು ಅರ್ಧದಷ್ಟು ಮಾತ್ರ. ತೀರಾ ಬೇರೆ ಇದ್ದರೆ ಒಂದು ಅಂಕಿ 100 ಗ್ರಾಂಗೆ, ಇನ್ನೊಂದು ಒಂದು ಸಲ ತಿನ್ನುವ ಪ್ರಮಾಣಕ್ಕೆ ಬರೆದಿದ್ದಾರೋ ಅಂತ ನೋಡಿ. ಏನೇ ಆದರೂ ಇವು ಸರಾಸರಿ. ನಿಮ್ಮ ದೇಹಕ್ಕೆ ಆ ದಿನ ಎಷ್ಟು ದಕ್ಕಿತು ಅಂತ ಯಾವ ಲೇಬಲ್ಲೂ ಹೇಳಲಾರದು.

ಮೆಟ್ಟಿಲಿಗೆ ವಾಪಸ್ ಬರೋಣ. ಆ 1764 ಜೂಲ್ ಅಂದರೆ ಬರೀ 0.42 ಕಿಲೋಕ್ಯಾಲರಿ. ಸ್ನಾಯುಗಳು ಖರ್ಚು ಮಾಡಿದ ಶಕ್ತಿಯಲ್ಲಿ ಕಾಲು ಭಾಗದಷ್ಟೇ ಕೆಲಸವಾಗುತ್ತದೆ, ಉಳಿದದ್ದು ಮೈ ಬಿಸಿಯಾಗಲು ಹೋಗುತ್ತದೆ. ಹಾಗಾಗಿ ದೇಹದ ಖರ್ಚು ಸುಮಾರು 1.7 ಕಿಲೋಕ್ಯಾಲರಿ. ಒಂದು ಟೀ ಚಮಚ ಸಕ್ಕರೆ, ಅಂದರೆ 4 ಗ್ರಾಂ, 16 ಕಿಲೋಕ್ಯಾಲರಿ. ಅದನ್ನು ಕರಗಿಸಲು ಒಂಬತ್ತು-ಹತ್ತು ಮಹಡಿ ಹತ್ತಬೇಕು! ಶಕ್ತಿ ಅಷ್ಟು ಕಿಕ್ಕಿರಿದು ತುಂಬಿರುವ ವಸ್ತು ಆಹಾರ.

ಹಾರ್ಸ್‌ಪವರ್: ಎಷ್ಟು ಬೇಗ

1780ರ ದಶಕ. ಜೇಮ್ಸ್ ವ್ಯಾಟ್ ತಾವು ಸುಧಾರಿಸಿದ ಉಗಿ ಯಂತ್ರಕ್ಕೆ ಗಿರಾಕಿ ಹುಡುಕುತ್ತಿದ್ದರು. ಕೊಳ್ಳುವವರ ಬಳಿ ಗಿರಣಿ ತಿರುಗಿಸುವ ಕುದುರೆಗಳಿದ್ದವು. ಅವರ ಪ್ರಶ್ನೆ ಒಂದೇ: ಈ ಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ? ವ್ಯಾಟ್ ಗಿರಣಿ ಕುದುರೆಯ ಲೆಕ್ಕ ಹಾಕಿದರು. ಅದು ನಡೆಯುವ ವೃತ್ತದ ತ್ರಿಜ್ಯ 12 ಅಡಿ, ಗಂಟೆಗೆ 144 ಸುತ್ತು, ಎಳೆಯುವ ಬಲ 180 ಪೌಂಡ್. ಇದನ್ನೆಲ್ಲ ಗುಣಿಸಿದರೆ ನಿಮಿಷಕ್ಕೆ 32,572 ಅಡಿ-ಪೌಂಡ್ ಬರುತ್ತದೆ. ಅದನ್ನೇ ಮೇಲಕ್ಕೆ ಸರಿಸಿ 33,000 ಅಂತ ನಿಗದಿ ಮಾಡಿದರು. ಇಂದಿನ ಲೆಕ್ಕದಲ್ಲಿ ಅದು 746 ವ್ಯಾಟ್. ಸುಲಭವಾಗಿ ಹೇಳುವುದಾದರೆ 76 ಕಿಲೋ ತೂಕವನ್ನು ಪ್ರತಿ ಸೆಕೆಂಡಿಗೆ ಒಂದು ಮೀಟರ್‌ನಂತೆ ಮೇಲಕ್ಕೆ ಎತ್ತುತ್ತಲೇ ಇರುವುದು.

ಇಲ್ಲಿ "ಎತ್ತುತ್ತಲೇ ಇರುವುದು" ಅನ್ನುವುದೇ ಮುಖ್ಯ. ವ್ಯಾಟ್ ಅವರ ಲೆಕ್ಕ ಗಂಟೆಗಟ್ಟಲೆ ದುಡಿಯುವ ಕುದುರೆಯದು. ಜೋರಾಗಿ ಒಂದು ಸಲ ಎಳೆಯುವಾಗ ಕುದುರೆ 10 ಹಾರ್ಸ್‌ಪವರ್‌ಗಿಂತಲೂ ಜಾಸ್ತಿ ಕೊಡಬಲ್ಲದು. ಮನುಷ್ಯರೂ ಹಾಗೆಯೇ. ಓಡಿ ಮೆಟ್ಟಿಲು ಹತ್ತಿದವರ 441 ವ್ಯಾಟ್ ಅಂದರೆ 0.6 ಹಾರ್ಸ್‌ಪವರ್. ಇದನ್ನು ಕೆಲವು ಸೆಕೆಂಡು ಕೊಡಬಹುದು, ದಿನವಿಡೀ ಕೊಡಲು ಆಗದು. ಏದುಸಿರು ಬಂದದ್ದು ಇದಕ್ಕೇ. ಸ್ನಾಯು ಕೇಳಿದ ವೇಗಕ್ಕೆ ಶ್ವಾಸಕೋಶ ಆಮ್ಲಜನಕ ಒದಗಿಸಲು ಒದ್ದಾಡುತ್ತದೆ.

ದಿನದ 2000 ಕಿಲೋಕ್ಯಾಲರಿಯನ್ನೂ ಇದೇ ಲೆಕ್ಕಕ್ಕೆ ತಿರುಗಿಸಬಹುದು. ಅದನ್ನು ಜೂಲ್ ಮಾಡಿ, ದಿನದ 86,400 ಸೆಕೆಂಡುಗಳಿಂದ ಭಾಗಿಸಿದರೆ 97 ವ್ಯಾಟ್ ಬರುತ್ತದೆ. ಹಗಲು ರಾತ್ರಿ ಸೇರಿಸಿ ಮನುಷ್ಯ ದೇಹ ಸರಾಸರಿ 100 ವ್ಯಾಟ್‌ನಲ್ಲಿ ಉರಿಯುತ್ತಿರುತ್ತದೆ. ಹತ್ತಾರು ಜನ ಕೂತ ಮುಚ್ಚಿದ ಕೋಣೆ ಬೇಗ ಸೆಕೆಯಾಗುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಹಾರ್ಸ್‌ಪವರ್ ನಿಜಕ್ಕೂ ಕೆಲಸಕ್ಕೆ ಬರುವುದು ಮೋಟಾರಿನ ಹತ್ತಿರ. ಒಂದು ಎಚ್‌ಪಿ ಪಂಪು 30 ಮೀಟರ್ ಮೇಲಿರುವ 1000 ಲೀಟರ್ ಟ್ಯಾಂಕನ್ನು ತುಂಬಲು ಎಷ್ಟು ಹೊತ್ತು ಬೇಕು? 1000 ಕಿಲೋ ನೀರು, 30 ಮೀಟರ್, 9.8. ಗುಣಿಸಿದರೆ 2,94,000 ಜೂಲ್. ಸೆಕೆಂಡಿಗೆ 746ರಂತೆ ಸುರಿದರೆ 394 ಸೆಕೆಂಡು, ಅಂದರೆ ಆರೂವರೆ ನಿಮಿಷ. ಎಷ್ಟೇ ಒಳ್ಳೆಯ ಪಂಪಾದರೂ ಒಂದು ಎಚ್‌ಪಿಯಲ್ಲಿ ಇದಕ್ಕಿಂತ ಬೇಗ ಆಗಲು ಸಾಧ್ಯವೇ ಇಲ್ಲ. ನೀರಿನ ಸುಳಿ, ಪೈಪಿನ ತಿಕ್ಕಾಟ ಎಲ್ಲ ಸೇರಿ ಅರ್ಧ ಶಕ್ತಿ ವ್ಯರ್ಥವಾದರೆ 13 ನಿಮಿಷ. ಹಾಗಾಗಿ "ಒಂದು ಎಚ್‌ಪಿಯಲ್ಲಿ ಐದೇ ನಿಮಿಷಕ್ಕೆ ತುಂಬುತ್ತದೆ" ಅಂತ ಯಾರಾದರೂ ಹೇಳಿದರೆ ಎತ್ತರ ತಪ್ಪು, ಇಲ್ಲವೇ ಎಚ್‌ಪಿ ತಪ್ಪು.

ಇನ್ನೊಂದು ಎಡವುವ ಜಾಗ ಇದೆ. ಮೋಟಾರಿನ ಪಟ್ಟಿಯ ಮೇಲಿರುವ ಎಚ್‌ಪಿ ಅದರ ತಿರುಗುವ ಶಾಫ್ಟ್‌ನಿಂದ ಹೊರಗೆ ಸಿಗುವ ಸಾಮರ್ಥ್ಯ. ಕರೆಂಟಿನಿಂದ ಅದು ಎಳೆಯುವುದು ಇದಕ್ಕಿಂತ ಜಾಸ್ತಿ. ಮೋಟಾರು ಶೇಕಡ 75ರಷ್ಟು ದಕ್ಷ ಅಂತಾದರೆ ಒಂದು ಎಚ್‌ಪಿ ಕೊಡಲು ಸುಮಾರು 1000 ವ್ಯಾಟ್ ಬೇಕು. ಒಂದು ಗಂಟೆ ಓಡಿದರೆ ಒಂದು ಕಿಲೋವ್ಯಾಟ್-ಅವರ್, ಅಂದರೆ ಮೀಟರಿನಲ್ಲಿ ಒಂದು ಯೂನಿಟ್. "ಎಷ್ಟು ಬೇಗ" ಅನ್ನುವುದನ್ನು ಸಮಯದಿಂದ ಗುಣಿಸಿದ ಕೂಡಲೇ ಅದು ಮತ್ತೆ "ಎಷ್ಟು" ಆಗಿಬಿಡುತ್ತದೆ. ಯೂನಿಟ್ಟೂ ಕ್ಯಾಲರಿಯೂ ಒಂದೇ ಜಾತಿಯವು. ಒಂದು ಯೂನಿಟ್ ಅಂದರೆ 860 ಕಿಲೋಕ್ಯಾಲರಿ. ಮನುಷ್ಯನ ಒಂದು ದಿನದ ಆಹಾರವೆಲ್ಲ ಸೇರಿ ಎರಡೂಕಾಲು ಯೂನಿಟ್‌ಗಿಂತ ಚೂರು ಜಾಸ್ತಿ.

ವಾಹನಗಳ ವಿಷಯದಲ್ಲಿ ಒಂದೇ ಮಾತು ಸಾಕು. ಅಲ್ಲಿ ಬರೆಯುವ ಎಚ್‌ಪಿ, ಎಂಜಿನ್ ಒಂದು ನಿರ್ದಿಷ್ಟ ವೇಗದಲ್ಲಿ ಸುತ್ತುವಾಗ ಕೊಡುವ ಗರಿಷ್ಠ ಸಾಮರ್ಥ್ಯ. PS ಅಂತ ಬರೆದಿದ್ದರೆ ಅದು ಸೆಕೆಂಡಿಗೆ ಒಂದು ಮೀಟರ್‌ನಂತೆ 75 ಕಿಲೋ ಎತ್ತುವ ಲೆಕ್ಕದ ಮೆಟ್ರಿಕ್ ಹಾರ್ಸ್‌ಪವರ್. 100 PS ಅಂದರೆ 98.6 ಎಚ್‌ಪಿ.

ಕಿಲೋಬೈಟ್: ಎಣಿಕೆಯೇ, ಆದರೆ ಎರಡು ಬಗೆ

ಬೈಟ್ ಅಂದರೆ 8 ಬಿಟ್‌ಗಳ ಒಂದು ಗುಂಪು. ಬಿಟ್ ಅಂದರೆ ಸೊನ್ನೆ ಅಥವಾ ಒಂದು. ಇದರಲ್ಲಿ ಶಕ್ತಿಯೂ ಇಲ್ಲ, ವೇಗವೂ ಇಲ್ಲ. ಸುಮ್ನೆ ಎಣಿಸುವುದು. "ಕನ್ನಡ" ಅಂತ ಟೈಪ್ ಮಾಡಿದರೆ ಕಂಪ್ಯೂಟರ್ ಅದನ್ನು ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ನ, ಡ ಅಂತ ಐದು ತುಂಡಾಗಿ ಇಟ್ಟುಕೊಳ್ಳುತ್ತದೆ. ಎಲ್ಲ ಕಡೆ ಬಳಕೆಯಲ್ಲಿರುವ UTF-8 ಪದ್ಧತಿಯಲ್ಲಿ ಒಂದೊಂದು ತುಂಡಿಗೂ 3 ಬೈಟ್. ಒಟ್ಟು 15 ಬೈಟ್. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ Kannada ಅಂತ ಬರೆದರೆ 7 ಬೈಟ್. ಖಾಲಿ ಫೈಲಿನಲ್ಲಿ ಈ ಒಂದೇ ಪದ ಉಳಿಸಿ ಅದರ ಗಾತ್ರ ನೋಡಿದರೆ ನಿಮಗೂ ಇದು ಕಾಣಿಸುತ್ತದೆ.

ಗೊಂದಲ ಶುರುವಾಗುವುದು ಕಿಲೋ ಸೇರಿದಾಗ. ಕಿಲೋ ಅಂದರೆ 1000. ಆದರೆ ಕಂಪ್ಯೂಟರಿನ ಮೆಮೊರಿಯಲ್ಲಿ ಒಂದೊಂದು ಜಾಗಕ್ಕೂ ವಿಳಾಸ ಇರುತ್ತದೆ. ಆ ವಿಳಾಸ ಸೊನ್ನೆ-ಒಂದುಗಳಲ್ಲಿ ಬರೆದದ್ದು. 10 ಬಿಟ್‌ಗಳ ವಿಳಾಸದಿಂದ ಸರಿಯಾಗಿ 1024 ಜಾಗಗಳನ್ನು ಗುರುತಿಸಬಹುದು, ಯಾಕೆಂದರೆ 2ನ್ನು ಹತ್ತು ಸಲ ಗುಣಿಸಿದರೆ 1024. ಇದು 1000ಕ್ಕೆ ತುಂಬಾ ಹತ್ತಿರ ಇದೆಯಲ್ಲ ಅಂತ ಹಳೆಯ ಎಂಜಿನಿಯರ್‌ಗಳು ಅದನ್ನೇ ಕಿಲೋ ಅಂದರು. ಆಗ ವ್ಯತ್ಯಾಸ ಶೇಕಡ 2.4 ಮಾತ್ರ. ಮೆಗಾಗೆ ಹೋದರೆ ಅದು 5ರ ಹತ್ತಿರ ಬರುತ್ತದೆ, ಗಿಗಾಗೆ 7 ದಾಟುತ್ತದೆ, ಟೆರಾಗೆ 10 ಮುಟ್ಟುತ್ತದೆ.

500 GB ಅಂತ ಬರೆದ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ 465 GB ಅಂತ ತೋರಿಸುವುದು ಇದಕ್ಕೇ. ತಯಾರಕರು ಸಾವಿರದ ಲೆಕ್ಕದಲ್ಲಿ 50 ಸಾವಿರ ಕೋಟಿ ಬೈಟ್ ಕೊಟ್ಟಿದ್ದಾರೆ, ಒಂದೂ ಕಮ್ಮಿ ಇಲ್ಲ. ವಿಂಡೋಸ್ ಅದನ್ನು 1024ರ ಲೆಕ್ಕದಲ್ಲಿ, ಅಂದರೆ 107 ಕೋಟಿ ಚಿಲ್ಲರೆ ಬೈಟ್‌ಗೆ ಒಂದು ಗಿಗಾ ಅಂತ ಭಾಗಿಸುತ್ತದೆ. ಜಾಗ ಕಳೆದುಹೋಗಿಲ್ಲ, ಭಾಗಿಸಿದ ಸಂಖ್ಯೆ ದೊಡ್ಡದು. 1024ರ ಲೆಕ್ಕಕ್ಕೆ 1998ರಲ್ಲಿ ಕಿಬಿಬೈಟ್, ಮೆಬಿಬೈಟ್ ಎಂಬ ಬೇರೆ ಹೆಸರುಗಳೇ ಬಂದಿವೆ. ಪರದೆಯ ಮೇಲೆ KiB, MiB, GiB ಅಂತ ನಡುವೆ i ಇದ್ದರೆ ಅದು 1024ರದ್ದು. ಈ ಹೆಸರುಗಳು ಎಲ್ಲ ಕಡೆ ಬಳಕೆಗೆ ಬಂದಿದ್ದರೆ ಎಷ್ಟೋ ತಲೆನೋವು ತಪ್ಪುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಇಂಟರ್ನೆಟ್ ವೇಗದಲ್ಲಿ ಇನ್ನೊಂದು ಎಚ್ಚರ ಬೇಕು. ಅಲ್ಲಿ Mbps ಅನ್ನುವುದು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅಂತ. ಚಿಕ್ಕ b ಬಿಟ್, ದೊಡ್ಡ B ಬೈಟ್. 100 Mbps ಅಂದರೆ ಸೆಕೆಂಡಿಗೆ 12.5 ಮೆಗಾಬೈಟ್. ಒಂದು ಗಿಗಾಬೈಟ್ ಫೈಲಿಗೆ ಎಲ್ಲವೂ ಸರಿಯಿದ್ದರೆ 80 ಸೆಕೆಂಡು. 10 ಸೆಕೆಂಡಿನಲ್ಲಿ ಇಳಿಯಬೇಕು ಅಂತ ಕಾದರೆ ನಿರಾಸೆಯೇ.

ಡೆಸಿಬಲ್: ಯಾವುದರ ಎಷ್ಟು ಪಟ್ಟು?

ನಾಲ್ಕರಲ್ಲಿ ಹೆಚ್ಚು ತಪ್ಪಾಗಿ ಅರ್ಥವಾಗುವುದು ಇದೇ. ಡೆಸಿಬಲ್ ಹುಟ್ಟಿದ್ದು ಟೆಲಿಫೋನ್ ತಂತಿಯಲ್ಲಿ. ಉದ್ದ ತಂತಿಯಲ್ಲಿ ಹೋಗುತ್ತಾ ಹೋಗುತ್ತಾ ಸಂಕೇತ ಕ್ಷೀಣಿಸುತ್ತದೆ. ಪ್ರತಿ ಕಿಲೋಮೀಟರಿಗೆ ಅರ್ಧವಾಗುತ್ತದೆ ಅಂತಿಟ್ಟುಕೊಳ್ಳಿ. ಎರಡು ಕಿಲೋಮೀಟರಿಗೆ ಕಾಲು, ಮೂರಕ್ಕೆ ಅರೆಕಾಲು, ಹತ್ತಕ್ಕೆ 1024ರಲ್ಲಿ ಒಂದು ಪಾಲು. ನೋಡಿ, ಅದೇ 1024 ಮತ್ತೆ ಬಂತು. ಹೀಗೆ ಭಾಗಿಸುತ್ತಾ ಕೂರುವ ಬದಲು ಕೂಡಿಸಿದರೆ ಸಾಕು ಅನ್ನುವ ಹಾಗೆ ಎಂಜಿನಿಯರ್‌ಗಳು ಒಂದು ಅಳತೆ ಮಾಡಿಕೊಂಡರು. ಅರ್ಧವಾಗುವುದಕ್ಕೆ 3 ಅಂಕ ಕಮ್ಮಿ. ಹತ್ತು ಕಿಲೋಮೀಟರಿಗೆ 30 ಕಮ್ಮಿ. 1928ರಲ್ಲಿ ಇದಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ನೆನಪಿಗೆ ಡೆಸಿಬಲ್ ಅಂತ ಹೆಸರಿಟ್ಟರು. ಸೂತ್ರ ಇಷ್ಟೇ:

```
dB = 10 × log10(P / P0)
```

P ಅಂದರೆ ನಾವು ಅಳೆಯುತ್ತಿರುವ ಸಾಮರ್ಥ್ಯ. P0 ಅಂದರೆ ಯಾವುದಕ್ಕೆ ಹೋಲಿಸುತ್ತಿದ್ದೇವೋ ಅದು. ಸೂತ್ರ ಮರೆತರೂ ಪರವಾಗಿಲ್ಲ, ಎರಡು ಸಂಗತಿ ನೆನಪಿದ್ದರೆ ಸಾಕು: 3 ಡೆಸಿಬಲ್ ಏರಿದರೆ ಸಾಮರ್ಥ್ಯ ಹೆಚ್ಚುಕಮ್ಮಿ ಎರಡು ಪಟ್ಟು, 10 ಏರಿದರೆ ಹತ್ತು ಪಟ್ಟು. ಹಾಗಾಗಿ 20 ಅಂದರೆ ನೂರು ಪಟ್ಟು, 30 ಅಂದರೆ ಸಾವಿರ ಪಟ್ಟು.

ಶಬ್ದದ ವಿಷಯದಲ್ಲಿ ಹೋಲಿಕೆಗೆ ಇಟ್ಟುಕೊಂಡಿರುವುದು ಒಳ್ಳೆಯ ಕಿವಿಗೆ ಕೇಳಿಸಬಹುದಾದ ತೀರಾ ಸಣ್ಣ ಸದ್ದು. ಗಾಳಿಯ ಒತ್ತಡದಲ್ಲಿ 20 ಮೈಕ್ರೋಪ್ಯಾಸ್ಕಲ್ ಏರಿಳಿತ. ಅದೇ ಸೊನ್ನೆ ಡೆಸಿಬಲ್. ಸೊನ್ನೆ ಅಂದರೆ ಸದ್ದೇ ಇಲ್ಲ ಅಂತಲ್ಲ, ಹೋಲಿಕೆಯ ಸದ್ದಿಗೆ ಸಮ ಅಂತ. ಅದಕ್ಕಿಂತ ಸಣ್ಣ ಸದ್ದಿಗೆ ಮೈನಸ್ ಡೆಸಿಬಲ್ ಬರುತ್ತದೆ. ಕಿವಿ ನೋಯುವ 120 ಡೆಸಿಬಲ್ ಸಾಮರ್ಥ್ಯದಲ್ಲಿ ಈ ಸಣ್ಣ ಸದ್ದಿನ ಲಕ್ಷ ಕೋಟಿ ಪಟ್ಟು. ಇಷ್ಟು ಅಗಲದ ಹರವನ್ನು 0ಯಿಂದ 120ರೊಳಗೆ ಹಿಡಿದಿಡುವುದು ಡೆಸಿಬಲ್‌ನ ದೊಡ್ಡ ಉಪಕಾರ.

ಆದರೆ ಇದರಿಂದ ನಾವು ಶಾಲೆಯಲ್ಲಿ ಕಲಿತ ಕೂಡುವ ಲೆಕ್ಕ ಕೆಲಸ ಮಾಡುವುದಿಲ್ಲ. 80 ಡೆಸಿಬಲ್ ಸದ್ದು ಮಾಡುವ ಯಂತ್ರದ ಪಕ್ಕದಲ್ಲಿ ಅಂಥದ್ದೇ ಇನ್ನೊಂದನ್ನು ಇಟ್ಟರೆ 160 ಆಗುವುದಿಲ್ಲ, 83 ಆಗುತ್ತದೆ. ಹತ್ತು ಯಂತ್ರ ಇಟ್ಟರೆ 90. ಇನ್ನು 80ರ ಪಕ್ಕದಲ್ಲಿ 60 ಡೆಸಿಬಲ್‌ನದ್ದೊಂದು ಓಡುತ್ತಿದ್ದರೆ? ಅದು ನೂರನೇ ಒಂದು ಪಾಲು ಮಾತ್ರ, ಒಟ್ಟು 80.04. ಮೀಟರಿನಲ್ಲಿ ಅದು ಕಾಣಿಸುವುದೂ ಇಲ್ಲ. ಕೋಣೆಯ ಗಲಾಟೆ ಕಮ್ಮಿ ಮಾಡಬೇಕಾದರೆ ಮೊದಲು ಅತಿ ಜೋರಾದದ್ದನ್ನೇ ಹಿಡಿಯಬೇಕು. ಸಣ್ಣಪುಟ್ಟದ್ದನ್ನು ಎಷ್ಟು ಆರಿಸಿದರೂ ಪ್ರಯೋಜನ ಇಲ್ಲ.

ನಮ್ಮ ಕಿವಿಯ ಲೆಕ್ಕ ಇನ್ನೂ ಬೇರೆ. ಸದ್ದು ಎರಡು ಪಟ್ಟು ಜೋರಾಯಿತು ಅಂತ ಕಿವಿಗೆ ಅನ್ನಿಸಲು ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ಹತ್ತು ಪಟ್ಟು ಸಾಮರ್ಥ್ಯ. 50 ವ್ಯಾಟ್ ಆಂಪ್ಲಿಫೈಯರ್ ತೆಗೆದು 100 ವ್ಯಾಟ್‌ನದ್ದು ಹಾಕಿದರೆ ಏರುವುದು 3 ಡೆಸಿಬಲ್. ಚೂರು ಜೋರಾದಂತೆ ಅನ್ನಿಸುತ್ತದೆ, ಅಷ್ಟೆ. ನಿಜಕ್ಕೂ ಎರಡು ಪಟ್ಟು ಕೇಳಿಸಬೇಕಾದರೆ 500 ವ್ಯಾಟ್ ಬೇಕು. ಆಂಪ್ಲಿಫೈಯರ್ ಮೇಲೆ ಬರೆದ ವ್ಯಾಟ್ ನೋಡಿ ಮರುಳಾಗುವ ಮೊದಲು ಈ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ದೂರ ಹೇಳದೆ ಡೆಸಿಬಲ್ ಹೇಳಿದರೆ ಆ ಅಂಕಿಗೆ ಅರ್ಥವಿಲ್ಲ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ನಾಲ್ಕು ಪಟ್ಟು ಜಾಗಕ್ಕೆ ಹರಡುತ್ತದೆ, ಹಾಗಾಗಿ 6 ಡೆಸಿಬಲ್ ಕಮ್ಮಿಯಾಗುತ್ತದೆ. ಒಂದು ಮೀಟರ್ ಹತ್ತಿರ 100 ಇದ್ದದ್ದು 2 ಮೀಟರಿಗೆ 94, 4 ಮೀಟರಿಗೆ 88, 8 ಮೀಟರಿಗೆ 82. ಕೋಣೆಯೊಳಗೆ ಹೀಗೆ ಇಳಿಯುವುದಿಲ್ಲ, ಗೋಡೆಗಳು ಸದ್ದನ್ನು ವಾಪಸ್ ಎಸೆಯುತ್ತವೆ. ಯಂತ್ರದ ಪೆಟ್ಟಿಗೆಯ ಮೇಲೆ ಬರೀ "65 ಡೆಸಿಬಲ್" ಅಂತ ಇದ್ದು ಎಷ್ಟು ದೂರದಲ್ಲಿ ಅಂತ ಇಲ್ಲದಿದ್ದರೆ ಇನ್ನೊಂದು ಯಂತ್ರದ ಜೊತೆ ಹೋಲಿಸಲು ಆಗದು. dBA ಅಂತ ಬರೆದಿದ್ದರೆ, ಕಿವಿಗೆ ಅಷ್ಟಾಗಿ ಕೇಳಿಸದ ತೀರಾ ತಗ್ಗು ಸ್ವರಗಳಿಗೆ ಕಮ್ಮಿ ಅಂಕ ಕೊಟ್ಟು ಅಳೆದಿದ್ದಾರೆ ಅಂತ ತಿಳಿಯಿರಿ.

ಹೋಲಿಕೆಗೆ ಇಟ್ಟುಕೊಂಡ ವಸ್ತು ಬದಲಾದರೆ ಡೆಸಿಬಲ್‌ನ ಅರ್ಥವೇ ಬದಲಾಗುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಗ್ನಲ್ −70 dBm ಅಥವಾ −100 dBm ಅಂತ ಇರುತ್ತದೆ. ಅದಕ್ಕೂ ಶಬ್ದಕ್ಕೂ ಸಂಬಂಧ ಇಲ್ಲ. ಅಲ್ಲಿ ಹೋಲಿಕೆ ಒಂದು ಮಿಲಿವ್ಯಾಟ್ ಜೊತೆ. −100 ಅಂದರೆ ಮಿಲಿವ್ಯಾಟ್‌ನ ಸಾವಿರ ಕೋಟಿ ಪಾಲಿನಲ್ಲಿ ಒಂದು ಪಾಲು. −70 ಅದಕ್ಕಿಂತ ಸಾವಿರ ಪಟ್ಟು ಬಲವಾದ ಸಿಗ್ನಲ್. ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಸೊನ್ನೆ ಅಂದರೆ ಯಂತ್ರ ಹಿಡಿಯಬಲ್ಲ ಗರಿಷ್ಠ ಮಟ್ಟ, ಉಳಿದದ್ದೆಲ್ಲ ಅದರ ಕೆಳಗೆ ಮೈನಸ್‌ನಲ್ಲಿ. ಹಾಗಾಗಿ ಡೆಸಿಬಲ್ ಕಂಡಾಗ "ಯಾವುದಕ್ಕೆ ಹೋಲಿಸಿ?" ಅಂತ ಕೇಳಲೇಬೇಕು.

ಈ ಪಟ್ಟುಗಳ ಲೆಕ್ಕ ನೇರವಾಗಿ ತಾಗುವುದು ಕಿವಿಯ ಆರೋಗ್ಯಕ್ಕೆ. ಕೆಲಸದ ಜಾಗಗಳಿಗಾಗಿ ಅಮೆರಿಕದ NIOSH ಸಂಸ್ಥೆ ಹೇಳುವ ಮಿತಿ ದಿನಕ್ಕೆ 85 dBA, 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. 100ಕ್ಕೆ ಬರುವಷ್ಟರಲ್ಲಿ 15 ನಿಮಿಷ. ಯಾಕೆ 3ಕ್ಕೆ ಅರ್ಧ ಅಂತ ಈಗ ನಿಮಗೇ ಗೊತ್ತು. 3 ಏರಿದರೆ ಕಿವಿಗೆ ಬೀಳುವ ಸಾಮರ್ಥ್ಯ ಎರಡು ಪಟ್ಟು. ಅದನ್ನು ಅರ್ಧ ಸಮಯದಿಂದ ಗುಣಿಸಿದರೆ ಕಿವಿಯೊಳಗೆ ಹೋದ ಒಟ್ಟು ಶಕ್ತಿ ಅಷ್ಟೇ ಉಳಿಯುತ್ತದೆ. ಮೆಟ್ಟಿಲಿನ ಲೆಕ್ಕದಲ್ಲಿ ನೋಡಿದ "ಎಷ್ಟು" ಮತ್ತು "ಎಷ್ಟು ಬೇಗ" ಇಲ್ಲೂ ಇವೆ.

100 ಡೆಸಿಬಲ್ ಯಂತ್ರದ ಬಳಿ ಕೆಲಸ ಮಾಡುವವರು ಕಿವಿಗೆ ಇಯರ್‌ಪ್ಲಗ್ ಹಾಕುತ್ತಾರೆ. ಅದು ಸರಿಯಾಗಿ ಕೂತು 15 ಡೆಸಿಬಲ್ ತಡೆದರೆ ಒಳಗೆ 85, ಅಂದರೆ 8 ಗಂಟೆ. ಚೂರು ಸಡಿಲಾಗಿ 12 ಮಾತ್ರ ತಡೆದರೆ 88, ಸಮಯ 4 ಗಂಟೆ. ಇನ್ನೂ ಸಡಿಲಾಗಿ 6 ತಡೆದರೆ 94, ಒಂದೇ ಗಂಟೆ. ಪೊಟ್ಟಣದ ಮೇಲೆ ಬರೆದ ಅಂಕಿ ಪ್ರಯೋಗಾಲಯದಲ್ಲಿ ಸರಿಯಾಗಿ ತೂರಿಸಿ ಅಳೆದದ್ದು, ನಿಜವಾಗಿ ಹಾಕಿಕೊಂಡಾಗ ಸಿಗುವುದು ಸಾಮಾನ್ಯವಾಗಿ ಅದಕ್ಕಿಂತ ಕಮ್ಮಿ. ಸ್ಪಂಜಿನಂಥ ಪ್ಲಗ್ಗಾದರೆ ಅದನ್ನು ಬೆರಳಲ್ಲಿ ಸಣ್ಣಗೆ ಸುರುಳಿ ಮಾಡಬೇಕು. ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ತೂರಿಸಬೇಕು. ಅದು ಉಬ್ಬಿ ಕೂರುವ ತನಕ ಬೆರಳಿಂದ ಒತ್ತಿ ಹಿಡಿಯಬೇಕು. ಸರಿಯಾಗಿ ಕೂತಿದ್ದರೆ ನಿಮ್ಮ ಮಾತು ನಿಮಗೇ ತಲೆಯೊಳಗಿಂದ ಗುಂಯ್ ಅಂತ ಕೇಳಿಸುತ್ತದೆ. ಹಾಗೆ ಕೇಳಿಸದಿದ್ದರೆ ತೆಗೆದು ಮತ್ತೆ ಹಾಕಿಕೊಳ್ಳಿ.